ರೇಟ್ ಕಾರ್ಡ್ ಬ್ಯಾಗಿನಲ್ಲೇ ಇರಲಿ: ಸಣ್ಣ ಆನ್‌ಲೈನ್ ಮಾರಾಟಗಾರರ ಮುಂದೆ ನಾವು ಮಾತು ಶುರು ಮಾಡುವ ಬಗೆ

ಇನ್‌ಸ್ಟಾಗ್ರಾಮ್‌ನಲ್ಲೋ ಸ್ವಂತ ವೆಬ್‌ಸೈಟ್‌ನಲ್ಲೋ ಮಾರುವವರ ಬಳಿ ಕೊರಿಯರ್ ಸೇವೆ ಕೊಡುತ್ತೇವೆ ಎಂದು ಹೋದರೆ, ಕೂರುವ ಮೊದಲೇ ಬರುವ ಪ್ರಶ್ನೆ ಒಂದೇ. "ಮೊದಲ ರೇಟ್ ಎಷ್ಟ್ ಹಚ್ಚತೀರಿ ಅದನ್ನ ಹೇಳ್ರಿ ಸರ." ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟರೆ ಮಾತು ಎರಡು ರೂಪಾಯಿ, ಐದು ರೂಪಾಯಿಯ ಚೌಕಾಸಿಗೆ ಇಳಿದು ಅಲ್ಲೇ ಮುಗಿಯುತ್ತದೆ. ತಡವಾಗುವ ಡೆಲಿವರಿ, ವಾಪಸ್ ಬರುವ ಪಾರ್ಸಲ್ ಹಾಗೇ ಉಳಿಯುತ್ತವೆ. ಮೂರು ತಿಂಗಳಲ್ಲಿ ಮತ್ತೊಬ್ಬರು ಇನ್ನೂ ಎರಡು ರೂಪಾಯಿ ಕಡಿಮೆ ಹೇಳಿದಾಗ ಸೆಲ್ಲರ್ ಅತ್ತ ಹೋಗುತ್ತಾರೆ. ಅದಕ್ಕೇ ನಾವು ರೇಟ್ ಹೇಳುವ ಮೊದಲು ಅವರ ಕಳೆದ 90 ದಿನಗಳ ಶಿಪ್‌ಮೆಂಟ್ ರಿಪೋರ್ಟ್ ಕೇಳುತ್ತೇವೆ. ಈಗ ಬಳಸುತ್ತಿರುವ ಕೊರಿಯರ್‌ನ ಆನ್‌ಲೈನ್ ಪ್ಯಾನೆಲ್‌ನಿಂದ ಅದು ಎಕ್ಸೆಲ್ ಫೈಲ್ ಆಗಿ ಸಿಗುತ್ತದೆ. ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಕಾಲಂಗಳನ್ನು ಅಳಿಸಿಯೇ ಕೊಡಿ ಎನ್ನುತ್ತೇವೆ. ನಮಗೆ ಬೇಕಿರುವುದು ಪಿನ್‌ಕೋಡ್, ತಲುಪಿದಾಗ ಹಣ ಕೊಡುವ ಸಿಒಡಿಯೋ ಮೊದಲೇ ಕೊಟ್ಟ ಪ್ರಿಪೇಯ್ಡೋ ಎಂಬುದು, ಪ್ರತಿ ಸ್ಕ್ಯಾನ್‌ನ ದಿನ ಮತ್ತು ಸಮಯ, ಡೆಲಿವರಿ ಆಗದಿದ್ದರೆ ಬರೆದ ಕಾರಣ, ಇಷ್ಟೇ.

ಇಳಕಲ್‌ನಿಂದ ಸೀರೆ ಕಳಿಸುವ ಒಂದು ಅಂಗಡಿಯ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ. ಅನುಸರಿಸಲು ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಜಿಎಸ್‌ಟಿ ಬಿಟ್ಟಿದ್ದೇನೆ.

ಮೊದಲು ತಡದ ವಿಷಯ. ಆರ್ಡರ್ ಬಿದ್ದ ದಿನದಿಂದ ಕೈಗೆ ತಲುಪುವವರೆಗೆ ಸರಾಸರಿ ಏಳೂವರೆ ದಿನ ಹಿಡಿಯುತ್ತಿತ್ತು. ಕೊರಿಯರ್‌ನವರದೇ ತಪ್ಪು ಎಂದು ಅಂಗಡಿಯವರು ನಂಬಿದ್ದರು. ಏಳೂವರೆ ದಿನವನ್ನು ಒಂದೇ ಅಂಕಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ, ಅದನ್ನು ನಾಲ್ಕು ತುಂಡು ಮಾಡಬೇಕು. ಆರ್ಡರ್‌ನಿಂದ ಲೇಬಲ್ ತೆಗೆಯುವವರೆಗೆ ಅರ್ಧ ದಿನ. ಲೇಬಲ್‌ನಿಂದ ಮೊದಲ ಪಿಕಪ್ ಸ್ಕ್ಯಾನ್‌ವರೆಗೆ ಎರಡು ದಿನ. ಅಲ್ಲಿಂದ ಗ್ರಾಹಕರ ಮನೆಗೆ ಮೊದಲ ಪ್ರಯತ್ನದವರೆಗೆ ಮೂರೂವರೆ ದಿನ. ಮೊದಲ ಪ್ರಯತ್ನದಿಂದ ನಿಜವಾದ ಡೆಲಿವರಿಗೆ ಒಂದೂವರೆ ದಿನ. ಅಂದರೆ ಮೂರರಲ್ಲಿ ಒಂದು ಪಾಲು ಸಮಯ ಸೀರೆಗೆ ಮೊದಲ ಸ್ಕ್ಯಾನ್ ಬೀಳುವುದಕ್ಕೂ ಮುಂಚೆಯೇ ಕಳೆದುಹೋಗುತ್ತಿತ್ತು.

ಕಾರಣ ದೊಡ್ಡದೇನಲ್ಲ. ಪಿಕಪ್ ವ್ಯಾನ್ ಮಧ್ಯಾಹ್ನ 2 ಗಂಟೆಗೆ ಬರುತ್ತಿತ್ತು. ಅಂಗಡಿಯವರು ವ್ಯಾಪಾರ ಮುಗಿಸಿ ರಾತ್ರಿ ಪ್ಯಾಕ್ ಮಾಡುತ್ತಿದ್ದರು. ಬೆಳಿಗ್ಗೆ ಬಂದ ಆರ್ಡರ್‌ಗೆ ಅಂದಿನ ವ್ಯಾನ್ ಸಿಗುತ್ತಿರಲಿಲ್ಲ, ಶನಿವಾರ ರಾತ್ರಿ ಪ್ಯಾಕ್ ಆದದ್ದು ಸೋಮವಾರದವರೆಗೆ ಕಪಾಟಿನಲ್ಲೇ ಇರುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಡ್ರೈವರ್ ಚೀಲವನ್ನು ಎಣಿಸದೆ ಒಯ್ಯುತ್ತಿದ್ದರು, ಸ್ಕ್ಯಾನ್ ಆಗುತ್ತಿದ್ದದ್ದು ಪಾರ್ಸಲ್ ವಿಂಗಡಿಸುವ ಹಬ್ ತಲುಪಿದ ಮೇಲೆ. ಆ ನಡುವೆ ಪಾರ್ಸಲ್ ಕಳೆದರೆ ಅದು ಕೊಟ್ಟಿದ್ದೋ ಇಲ್ಲವೋ ಎಂಬುದಕ್ಕೇ ದಾಖಲೆ ಇರುವುದಿಲ್ಲ.

ಇಲ್ಲಿ ನಾವು ಮುಂದಿಟ್ಟದ್ದು ಎರಡು. ಮಧ್ಯಾಹ್ನ 12ರ ತನಕ ಬಂದ ಆರ್ಡರ್ ಅದೇ ದಿನ ಹೊರಡಬೇಕು, ಅದಕ್ಕೆ ಹೆಚ್ಚು ಹೋಗುವ ಹತ್ತು ಬಗೆಯ ಸೀರೆಗಳನ್ನು ಮೊದಲೇ ಮಡಿಸಿ ಕವರಿಗೆ ಹಾಕಿಟ್ಟಿರಬೇಕು, ಆಗ ಲೇಬಲ್ ಅಂಟಿಸುವುದಷ್ಟೇ ಬಾಕಿ. ನಮ್ಮ ಕಡೆಯಿಂದ ವ್ಯಾನ್ ಸಂಜೆ 5ಕ್ಕೆ ಬಂದು, ಬಾಗಿಲಲ್ಲೇ ಒಂದೊಂದನ್ನೂ ಸ್ಕ್ಯಾನ್ ಮಾಡಿ, ಪಾರ್ಸಲ್‌ಗಳ ಪಟ್ಟಿಯಾದ ಮ್ಯಾನಿಫೆಸ್ಟ್ ಮೇಲೆ ಸಹಿ ಹಾಕಿ ಒಯ್ಯಬೇಕು. 5 ಗಂಟೆಗೆ ಹೊರಟರೆ ಹುಬ್ಬಳ್ಳಿ ಹಬ್‌ನಿಂದ ರಾತ್ರಿ ಹೊರಡುವ ಗಾಡಿ ಸಿಗುತ್ತದೆ. ಅದು ತಪ್ಪಿದರೆ ಪಾರ್ಸಲ್ ಮುಂದಿನ ರಾತ್ರಿಯವರೆಗೆ ಕಾಯುತ್ತದೆ, ಹಾಗಾಗಿ ಒಂದು ಗಂಟೆಯ ತಡ ಒಂದು ಪೂರ್ತಿ ದಿನದ ತಡವಾಗುತ್ತದೆ. ದಿನಕ್ಕೆ ಹತ್ತು ಪಾರ್ಸಲ್‌ಗೆಂದು ಬೇರೆ ವ್ಯಾನ್ ಓಡಿಸಿದರೆ ನಮಗೆ ಗಿಟ್ಟುವುದಿಲ್ಲ. ಅದೇ ಬೀದಿಯ ಇನ್ನೂ ಇಬ್ಬರು ಮೂವರು ಸೆಲ್ಲರ್‌ಗಳು ಸೇರಿದರೆ ಮಾತ್ರ 5 ಗಂಟೆಯ ಪಿಕಪ್ ಖಾಯಂ ಆಗುತ್ತದೆ ಎಂದು ಮೊದಲ ದಿನವೇ ಹೇಳಿಬಿಡುತ್ತೇವೆ.

ಈಗ ವಾಪಸಾತಿ. ಗ್ರಾಹಕರು ಸೀರೆ ತೆಗೆದುಕೊಂಡು, ಬಣ್ಣ ಫೋಟೊದಲ್ಲಿದ್ದಂತೆ ಇಲ್ಲವೆಂದು ಹಿಂದಿರುಗಿಸುವುದು ಬೇರೆ. ಅದಕ್ಕೆ ಕೊರಿಯರ್‌ನಲ್ಲಿ ಮದ್ದಿಲ್ಲ. ಕೈಗೇ ತಲುಪದೆ ಮರಳುವ ಪಾರ್ಸಲ್, ಅಂದರೆ ಆರ್‌ಟಿಒ, ನಾವು ಕೈಹಾಕಬಹುದಾದ ಜಾಗ.

ತಿಂಗಳಿಗೆ 300 ಪಾರ್ಸಲ್. 210 ಸಿಒಡಿ, 90 ಪ್ರಿಪೇಯ್ಡ್. ಸಿಒಡಿಯಲ್ಲಿ 63 ವಾಪಸ್, ಪ್ರಿಪೇಯ್ಡ್‌ನಲ್ಲಿ ಬರೀ 3. ಹೋಗುವ ಬಾಡಿಗೆ ತಲಾ 70 ರೂಪಾಯಿ, ಡೆಲಿವರಿ ಆದ ಸಿಒಡಿಗೆ 35, ವಾಪಸ್ ಬಂದರೆ ಇನ್ನೂ 60. ಒಟ್ಟು ಬಿಲ್ 21,000 + 5,145 + 3,960, ಅಂದರೆ 30,105 ರೂಪಾಯಿ. ಅಂಗಡಿಯವರು ಇದನ್ನು 300ರಿಂದ ಭಾಗಿಸಿ ಪಾರ್ಸಲ್‌ಗೆ ನೂರು ರೂಪಾಯಿ ಬೀಳುತ್ತದೆ ಎಂದುಕೊಂಡಿದ್ದರು. ಆದರೆ ದುಡ್ಡು ಬಂದದ್ದು ತಲುಪಿದ 234 ಪಾರ್ಸಲ್‌ಗಳಿಂದ ಮಾತ್ರ. 234ರಿಂದ ಭಾಗಿಸಿದರೆ ತಲಾ 129 ರೂಪಾಯಿ. ನಮ್ಮ ಮಾತೆಲ್ಲ ಈ ಅಂಕಿಯ ಸುತ್ತಲೇ ನಡೆಯುತ್ತದೆ.

63 ವಾಪಸಾತಿಗಳ ಕಾರಣವನ್ನು ರಿಪೋರ್ಟ್‌ನಿಂದ ಎಣಿಸಿದೆವು. ಗ್ರಾಹಕರು ಬೇಡ ಎಂದದ್ದು 22, ಸಿಗಲಿಲ್ಲ ಅಥವಾ ಫೋನ್ ಎತ್ತಲಿಲ್ಲ ಎಂದು ಬರೆದದ್ದು 24, ವಿಳಾಸ ಸರಿಯಿಲ್ಲದ್ದು 11, ಉಳಿದವು 6.

ವಿಳಾಸದ 11 ಅತಿ ಸುಲಭವಾಗಿ ತಡೆಯಬಹುದಾದವು. ಬಾಗಲಕೋಟೆಯ 587101 ಬರೆಯುವಲ್ಲಿ ಒಂದೇ ಅಂಕಿ ತಪ್ಪಿ 577101 ಆದರೆ ಪಾರ್ಸಲ್ ಚಿಕ್ಕಮಗಳೂರಿಗೆ ಹೋಗುತ್ತದೆ. ಯಂತ್ರ ವಿಂಗಡಿಸುವುದು ಪಿನ್‌ಕೋಡ್ ನೋಡಿ, ಊರಿನ ಹೆಸರು ಅದಕ್ಕೆ ಲೆಕ್ಕವಿಲ್ಲ. ಪಿನ್‌ಕೋಡ್‌ಗೂ ಜಿಲ್ಲೆಗೂ ತಾಳೆಯಾಗದ ಆರ್ಡರ್ ಲೇಬಲ್ ಆಗುವ ಮೊದಲೇ ನಿಲ್ಲಬೇಕು. "ಬಸವಣ್ಣನ ಗುಡಿ ಹತ್ತಿರ" ಎಂದಷ್ಟೇ ಇರುವ ವಿಳಾಸಕ್ಕೆ ವಾಟ್ಸ್ಯಾಪ್‌ನಲ್ಲಿ ಲೊಕೇಶನ್ ಕೇಳಬೇಕು. ಹಾಗೆಯೇ ಪ್ರತಿ ಸಿಒಡಿ ಆರ್ಡರ್‌ಗೂ ಎರಡು ಗಂಟೆಯೊಳಗೆ ಖಚಿತಪಡಿಸುವ ಸಂದೇಶ, ಉತ್ತರವಿಲ್ಲದಿದ್ದರೆ ಒಂದು ಕರೆ, ಅದಕ್ಕೂ ಉತ್ತರವಿಲ್ಲದಿದ್ದರೆ ಒಂದು ದಿನ ತಡೆಹಿಡಿಯುವುದು. ಹಳೆಯ ಗ್ರಾಹಕರಿಗೆ ಈ ತಡೆ ಬೇಡ. ಸುಮ್ಮನೆ ಸಂದೇಶ ನೋಡದೆ ಇರುವ ಒಳ್ಳೆಯ ಗ್ರಾಹಕರೂ ಇರುತ್ತಾರೆ, ಅವರ ಆರ್ಡರ್ ರದ್ದಾದರೆ ನಷ್ಟ ಅಂಗಡಿಗೇ.

"ಸಿಗಲಿಲ್ಲ" ಎಂಬ 24ರ ಮೇಲೆ ಹೆಚ್ಚು ಹೊತ್ತು ಕೂರಬೇಕು, ಯಾಕೆಂದರೆ ಇದರಲ್ಲಿ ಡೆಲಿವರಿಯವರ ಪಾಲೂ ಇದೆ. ಸಂಜೆಗೆ ಕೆಲಸ ಮುಗಿಯದೆ ಉಳಿದ ಪಾರ್ಸಲ್‌ಗಳಿಗೆ ಹೋಗದೆಯೇ "ಗ್ರಾಹಕರು ಲಭ್ಯವಿಲ್ಲ" ಎಂದು ಒತ್ತಿಬಿಡುವುದು ಈ ಉದ್ಯಮದ ಹಳೆಯ ರೋಗ. ಪತ್ತೆ ಮಾಡುವುದು ಕಷ್ಟವಲ್ಲ. ಕಾರಣ ದಾಖಲಾದ ಸಮಯವನ್ನು ಸಾಲಾಗಿ ಜೋಡಿಸಿ. ರಾತ್ರಿ 8:41, 8:41, 8:42, 8:42 ಎಂದು ಒಬ್ಬರೇ ಒಯ್ದ ಪಾರ್ಸಲ್‌ಗಳು ಬೇರೆ ಬೇರೆ ಬಡಾವಣೆಗಳಿಗೆ ಸೇರಿದ್ದರೆ, ಒಬ್ಬ ಮನುಷ್ಯ ಎರಡು ನಿಮಿಷದಲ್ಲಿ ನಾಲ್ಕು ಬಡಾವಣೆ ಸುತ್ತಲು ಸಾಧ್ಯವೇ ಇಲ್ಲ. ಕಂಪನಿಯ ಆ್ಯಪ್‌ನಿಂದ ಗ್ರಾಹಕರಿಗೆ ಕರೆ ಹೋದ ದಾಖಲೆ ಇದೆಯೇ ಎಂದೂ ಕೇಳಬೇಕು. ನಮ್ಮ ಒಪ್ಪಂದದಲ್ಲಿ ಕರೆಯ ದಾಖಲೆ ಇಲ್ಲದ ಪ್ರಯತ್ನವನ್ನು ಪ್ರಯತ್ನವೆಂದು ಎಣಿಸುವುದಿಲ್ಲ ಎಂದು ಬರೆಯುತ್ತೇವೆ. ವಾಪಸ್ ಕಳಿಸುವ ಮೊದಲಿನ ಮೂರು ಪ್ರಯತ್ನಗಳ ಲೆಕ್ಕ ನಿಜವಾಗುವುದು ಆಗಲೇ.

ಸೆಲ್ಲರ್ ಮಾಡಬೇಕಾದ್ದೂ ಇದೆ. ಡೆಲಿವರಿ ವಿಫಲವಾದ ಪಟ್ಟಿ, ಅಂದರೆ ಎನ್‌ಡಿಆರ್, ಪ್ಯಾನೆಲ್‌ಗೆ ಬಂದ ದಿನವೇ ಗ್ರಾಹಕರಿಗೆ ಕರೆ ಮಾಡಿ ಯಾವ ದಿನ, ಯಾವ ಹೊತ್ತು ಇರುತ್ತೀರಿ ಎಂದು ಕೇಳಿ ನಮೂದಿಸಬೇಕು. ಎರಡು ದಿನ ಬಿಟ್ಟು ನೋಡಿದರೆ ಪಾರ್ಸಲ್ ಅಷ್ಟರಲ್ಲಿ ವಾಪಸ್ ಚೀಲಕ್ಕೆ ಬಿದ್ದಿರುತ್ತದೆ. ಒಮ್ಮೆ ಆರ್‌ಟಿಒ ಗುರುತು ಬಿದ್ದ ಮೇಲೆ ತಿರುಗಿಸುವುದು ಬಹಳ ಕಷ್ಟ.

"ಬೇಡ" ಎಂದ 22 ಸುಲಭಕ್ಕೆ ಕರಗುವುದಿಲ್ಲ. ದಿನ ಕಡಿಮೆಯಾದಂತೆ ಸ್ವಲ್ಪ ಇಳಿಯುತ್ತದೆ. ವಾರವಾದ ಮೇಲೆ ಬಂದ ಸೀರೆಗೆ ಹಬ್ಬ ಮುಗಿದಿರುತ್ತದೆ, ಕೈಯಲ್ಲಿನ ನಗದು ಬೇರೆ ಕಡೆ ಹೋಗಿರುತ್ತದೆ. ಸ್ವಲ್ಪ ಮುಂಗಡ ಪಡೆದು ಉಳಿದದ್ದನ್ನು ಸಿಒಡಿ ಮಾಡಿದರೆ ಇನ್ನೂ ಇಳಿಯುತ್ತದೆ, ಆದರೆ ಆರ್ಡರ್‌ಗಳೂ ಇಳಿಯುತ್ತವೆ. ಅದಕ್ಕೆ ಮುಂಗಡವನ್ನು ಎಲ್ಲರಿಗೂ ಹಾಕದೆ, 90 ದಿನಗಳಲ್ಲಿ ಪದೇ ಪದೇ ವಾಪಸ್ ಬಂದ ಪಿನ್‌ಕೋಡ್‌ಗಳಿಗೆ ಮಾತ್ರ ಹಾಕಿಸುತ್ತೇವೆ.

ಆದ್ದರಿಂದ ನಾವು ಆ 22ಕ್ಕೆ ಮಾತು ಕೊಡದೆ, 63ರಲ್ಲಿ 21 ತಡೆಯುವ ಗುರಿ ಇಟ್ಟೆವು. 9 ಆರ್ಡರ್ ಹೊರಡುವ ಮೊದಲೇ ನಿಲ್ಲುತ್ತವೆ, 12 ಎನ್‌ಡಿಆರ್ ಕರೆಯಿಂದ ತಲುಪುತ್ತವೆ. ನಿಂತ 9ರಿಂದ ಹೋಗಿ ಬರುವ ಬಾಡಿಗೆ ತಲಾ 130ರಂತೆ 1,170 ರೂಪಾಯಿ ಉಳಿಯುತ್ತದೆ. ತಲುಪಿದ 12ರಿಂದ ವಾಪಸ್ ಬಾಡಿಗೆ 720 ಉಳಿದರೂ ಸಿಒಡಿ ಶುಲ್ಕ 420 ಸೇರುತ್ತದೆ, ಉಳಿದದ್ದು 300. ಒಟ್ಟು 1,470. ಇನ್ನೊಂದು ಕಂಪನಿ ಪಾರ್ಸಲ್‌ಗೆ 5 ರೂಪಾಯಿ ಇಳಿಸಿದರೂ 1,500 ಉಳಿಯುತ್ತದೆ. ಕೊರಿಯರ್ ಬಿಲ್ ಒಂದನ್ನೇ ನೋಡಿದರೆ ಎರಡೂ ಒಂದೇ, ಇದನ್ನು ನಾವು ಮುಚ್ಚಿಡುವುದಿಲ್ಲ. ವ್ಯತ್ಯಾಸ ಇರುವುದು ತಲುಪಿದ 12 ಸೀರೆಗಳಲ್ಲಿ. ಸೀರೆಗೆ 300 ರೂಪಾಯಿ ಲಾಭವಿದ್ದರೆ 3,600. ಬಿಲ್‌ನಲ್ಲಿ ಕಾಣದ ಈ ದುಡ್ಡನ್ನು ತೋರಿಸುವುದೇ ನಮ್ಮ ಕೆಲಸ. ತಲುಪಿದ ಪಾರ್ಸಲ್‌ನ ಲೆಕ್ಕದಲ್ಲಿ ರೇಟ್ ಇಳಿಸಿದರೆ 129 ಹೋಗಿ 122 ಆಗುತ್ತದೆ, ಈ ದಾರಿಯಲ್ಲಿ 116. ಕರೆ ಮಾಡಲು ದಿನಕ್ಕೆ ಒಂದು ಗಂಟೆ ಯಾರಾದರೂ ಕೂರಬೇಕು, ಆ ಖರ್ಚನ್ನು ಅಂಗಡಿಯವರೇ ತೂಗಿ ನೋಡಲಿ ಎಂದು ಬಿಡುತ್ತೇವೆ.

ಕೊನೆಗೆ ಪರೀಕ್ಷೆ. ಪೂರ್ತಿ ವ್ಯಾಪಾರವನ್ನು ನಮಗೆ ಕೊಡಿ ಎನ್ನುವುದಿಲ್ಲ. ಒಂದು ತಿಂಗಳು ಸರಿಸಂಖ್ಯೆಯ ಆರ್ಡರ್ ನಮಗೆ, ಬೆಸಸಂಖ್ಯೆಯದು ಹಳೆಯ ಕೊರಿಯರ್‌ಗೆ. ಸುಲಭದ ಬೆಂಗಳೂರು ಪಿನ್‌ಕೋಡ್‌ಗಳನ್ನಷ್ಟೇ ಹೊಸಬರಿಗೆ ಕೊಟ್ಟು ಅಳೆದರೆ ಎಂಥ ಕಂಪನಿಯೂ ಚೆನ್ನಾಗಿ ಕಾಣುತ್ತದೆ. ಖಚಿತಪಡಿಸುವ ಸಂದೇಶ, ಎನ್‌ಡಿಆರ್ ಕರೆ ಎರಡೂ ಗುಂಪಿಗೆ ಒಂದೇ ರೀತಿ ನಡೆಯಬೇಕು, ಇಲ್ಲವಾದರೆ ಕರೆಯ ಫಲವನ್ನು ಕೊರಿಯರ್‌ನ ಫಲವೆಂದು ಎಣಿಸಿದಂತಾಗುತ್ತದೆ. ಇನ್ನೊಂದು ಮೋಸ ಕ್ಯಾಲೆಂಡರ್‌ನಲ್ಲಿದೆ. ಡೆಲಿವರಿ ನಾಲ್ಕೈದು ದಿನದಲ್ಲಿ ಕಾಣುತ್ತದೆ, ವಾಪಸಾತಿ ಕಾಣಲು ಎರಡು ಮೂರು ವಾರ ಬೇಕು. ಮೊದಲ ಹದಿನೈದು ದಿನ ಯಾರ ವಾಪಸಾತಿ ಶೇಕಡವಾರೂ ಕಡಿಮೆಯೇ ಇರುತ್ತದೆ. ಆದ್ದರಿಂದ ಪಾರ್ಸಲ್‌ಗಳನ್ನು ಹೊರಟ ದಿನದ ಪ್ರಕಾರ ಗುಂಪು ಮಾಡಿ, ಕೊನೆಯದು ಹೊರಟು 20 ದಿನ ಕಳೆದ ಮೇಲೆ ಮಾತ್ರ ಎರಡೂ ಗುಂಪುಗಳನ್ನು ಹೋಲಿಸುತ್ತೇವೆ. ಆ ಶೀಟ್ ಮೇಜಿನ ಮೇಲೆ ಬಂದ ದಿನ ರೇಟ್ ಕಾರ್ಡ್ ಬ್ಯಾಗಿನಿಂದ ಹೊರಗೆ ತೆಗೆಯುತ್ತೇವೆ.