ಅಡಿಕೆ ಡ್ರೈಯರಿನ ಎಡಿಸಿ ರೀಡಿಂಗು: ಫ್ಲೋಟ್ ಇಲ್ಲದೆ ಕುಣಿತ ನಿಲ್ಲಿಸಿದ್ದು ಹೀಗೆ

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ಡ್ರೈಯರಿಗೆ ಎಟಿಟೈನಿ13 ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಹಾಕಿ ಕಂಟ್ರೋಲರ್ ಮಾಡುತ್ತೇನೆ ಅಂದಾಗ ಗೆಳೆಯರೊಬ್ಬರು ನಕ್ಕಿದ್ದರು. "ಫ್ಲೋಟ್ ಇಲ್ದೆ, ಅಂದ್ರೆ ದಶಮಾಂಶದ ಲೆಕ್ಕ ಇಲ್ದೆ, ಫಿಲ್ಟರ್ ಆಗಲ್ಲ ಮಾರಾಯ, ದೊಡ್ಡ ಬೋರ್ಡ್ ತಗೋ." ದೊಡ್ಡ ಬೋರ್ಡಿಗೆ ಸುಮಾರು ನಾನೂರು ರೂಪಾಯಿ. ಈ ಚಿಪ್ಪು ಐವತ್ತರ ಆಸುಪಾಸು. ಫ್ಲ್ಯಾಶ್ 1 ಕೆಬಿ, ರ‍್ಯಾಮ್ 64 ಬೈಟು ಅಷ್ಟೇ.

ಎಲ್‌ಎಂ35 ಸೆನ್ಸರು, ಒಳಗಿನ 1.1 ವೋಲ್ಟ್ ರೆಫರೆನ್ಸು. ಹಾಗಾಗಿ ಎಡಿಸಿಯ ಒಂದು ಕೌಂಟ್ ಅಂದರೆ ಹೆಚ್ಚುಕಮ್ಮಿ 0.1 ಡಿಗ್ರಿ. ಬ್ಲೋವರ್ ಓಡುವಾಗ ರೀಡಿಂಗು ಕುಣಿಯುತ್ತಿತ್ತು. 16 ರೀಡಿಂಗಿನ ಮೂವಿಂಗ್ ಆವರೇಜ್ ಹಾಕಿದರೆ ಬಫರೇ 32 ಬೈಟು ನುಂಗುತ್ತದೆ, ಅರ್ಧ ರ‍್ಯಾಮು ಹೋಯ್ತು. ಅದನ್ನು ಬಿಟ್ಟು ಎಲ್ಲರೂ ಬರೆಯುವ ಈ ಸಾಲು ಹಾಕಿದೆ, `x` ಹೊಸ ರೀಡಿಂಗು, `y` ಫಿಲ್ಟರ್ ಆದದ್ದು:

```c
y += (x - y) >> 4;
```

ರೀಡಿಂಗು ನಯವಾಯಿತು. ಆದರೆ ಗಾಜಿನ ಥರ್ಮಾಮೀಟರ್ 60 ತೋರಿಸುವಾಗ ನನ್ನದು 58.4ರ ಹತ್ತಿರ ನಿಂತುಬಿಡುತ್ತಿತ್ತು. ಹೀಟರ್ ಆಫ್ ಆಗುವಷ್ಟರಲ್ಲಿ ನಿಜವಾದ ಬಿಸಿ 61 ದಾಟಿರುತ್ತಿತ್ತು. ತಣಿಯುವಾಗ ಮಾತ್ರ ಸರಿಯಾಗಿ ಹೊಂದುತ್ತಿತ್ತು. ಸೆನ್ಸರೇ ಕೆಟ್ಟಿದೆ ಅಂತ ಇನ್ನೊಂದು ತರಿಸಿದೆ, ಸುಮ್ನೆ ನೂರು ರೂಪಾಯಿ ದಂಡ.

ಗುಟ್ಟು ಶಿಫ್ಟಿನಲ್ಲಿತ್ತು. `x` 558, `y` 543 ಇದ್ದರೆ ವ್ಯತ್ಯಾಸ 15. ಅದನ್ನು 4 ಸಲ ಬಲಕ್ಕೆ ಸರಿಸಿದರೆ ಸೊನ್ನೆ. ಅಲ್ಲಿಂದ ಮುಂದಕ್ಕೆ `y` ಕದಲುವುದಿಲ್ಲ. ಇಳಿಯುವಾಗ ವ್ಯತ್ಯಾಸ ಮೈನಸ್, -1 ಅನ್ನು ಸರಿಸಿದರೂ -1ನೇ ಬರುತ್ತದೆ. ಅದಕ್ಕೇ ಕೆಳಗಿನವರೆಗೂ ಬಂದು ತಲುಪುತ್ತದೆ. ಏರುವಾಗ ಒಂದು, ಇಳಿಯುವಾಗ ಇನ್ನೊಂದು ಅಂಕಿ ಬಂದರೆ ಸೆನ್ಸರ್ ಬದಲಿಸಬೇಡಿ, ಮೊದಲು ಈ ಸಾಲು ನೋಡಿ.

ಕೆಳಗಿನ ಬಿಟ್ಟುಗಳನ್ನು ಎಸೆಯದೆ 16 ಪಟ್ಟು ದೊಡ್ಡ ಮೊತ್ತವನ್ನೇ ಇಟ್ಟುಕೊಂಡೆ:

```c
acc = acc - (acc >> 4) + x;
y = acc >> 4;
```

`acc` ಒಂದೇ `uint16_t`, ಎರಡು ಬೈಟು. 1023ರ 16 ಪಟ್ಟು 16368, ಆರಾಮವಾಗಿ ಹಿಡಿಯುತ್ತದೆ. ಶಿಫ್ಟ್ 6ರವರೆಗೂ ಹೋಗಬಹುದು, 7ಕ್ಕೆ ತುಂಬಿ ಹರಿಯುತ್ತದೆ. ಆನ್ ಮಾಡಿದ ಕೂಡಲೇ ಮೊದಲ ರೀಡಿಂಗನ್ನು 16ರಿಂದ ಗುಣಿಸಿ `acc`ಗೆ ತುಂಬಿ. ಇಲ್ಲದಿದ್ದರೆ ಸೊನ್ನೆಯಿಂದ ತೆವಳಿಕೊಂಡು ಬರುತ್ತದೆ, ಅಷ್ಟು ಹೊತ್ತು ಹೀಟರ್ ಉರಿಯುತ್ತಲೇ ಇರುತ್ತದೆ.

ಇನ್ನೂ ಚಂದ ಮಾಡೋಣ ಅಂತ ರೌಂಡಿಂಗಿಗೆ 8 ಕೂಡಿಸಿಯೂ ನೋಡಿದೆ. ಇಳಿಯುವಾಗ `acc` 16 ಪಟ್ಟು `x`ನ ಮೇಲೆ 15ರಲ್ಲಿ ನಿಂತಿರುತ್ತದೆ. 8 ಕೂಡಿದರೆ ಒಂದು ಕೌಂಟ್ ಜಾಸ್ತಿ ಬರುತ್ತದೆ. ತೆಗೆದುಹಾಕಿದೆ.

ಬ್ಲೋವರ್ ಶುರುವಾಗುವಾಗಿನ ಜಿಗಿತಕ್ಕೆ ಈ ಫಿಲ್ಟರ್ ಸಾಲದು. 200 ಕೌಂಟಿನ ಒಂದೇ ಜಿಗಿತ ಸುಮಾರು 12 ಕೌಂಟು, ಅಂದರೆ ಒಂದೂಕಾಲು ಡಿಗ್ರಿ ಏರಿಸಿಬಿಡುತ್ತದೆ. ಅದಕ್ಕೆ ಮೂರು ರೀಡಿಂಗ್ ತಗೊಂಡು ನಡುವಿನದನ್ನು ಮಾತ್ರ ಒಳಗೆ ಬಿಡುತ್ತೇನೆ. ಆ ಮೂರನ್ನು ರಿಲೇಯ ಯಾವ ಹೊತ್ತಿಗೆ ತಗೋಬೇಕು ಅನ್ನೋದು ನನ್ನ ಹತ್ರಾನೇ ಇರಲಿ. ನಕ್ಕ ಗೆಳೆಯರು ತಮ್ಮ ಡ್ರೈಯರಿಗೂ ಒಂದು ಮಾಡಿಕೊಡು ಅಂದಿದ್ದಾರೆ. ಆರುನೂರು ಹೇಳಿದ್ದೇನೆ, ಚೌಕಾಸಿ ನಡೀತಿದೆ.