ಲೀಗಲ್ ಸೈಜ್ ಪಿಡಿಎಫ್‌ನ ಎ4ಗೆ ತಂದಿದ್ದು, ಒಂದಕ್ಷರನೂ ಕಟ್ ಆಗದ ಹಾಗೆ - ನನ್ನ ಅನುಭವ

ನಮ್ಮದು ಕೋರ್ಟ್ ಹತ್ರ ಟೈಪಿಂಗ್, ಸ್ಕ್ಯಾನಿಂಗ್, ಜೆರಾಕ್ಸ್ ಕೆಲಸ. ಹಳೇ ಕ್ರಯಪತ್ರ, ವಿಭಾಗ ಪತ್ರ, ಅಫಿಡವಿಟ್ಟು ಇವೆಲ್ಲ ಹೆಚ್ಚಾಗಿ ಲೀಗಲ್ ಶೀಟಲ್ಲೇ ಇರ್ತವೆ, ಆದ್ರೆ ಈಗ ಎಲ್ಲ ಕಡೆ ಎ4 ಕೇಳ್ತಾರೆ. ಸುಪ್ರೀಂ ಕೋರ್ಟೇ 2020ರ ಏಪ್ರಿಲ್‌ನಿಂದ ಎ4 ಅಂತ ಮಾಡಿದೆ. ಹಾಗಾಗಿ ಲೀಗಲ್‌ನಲ್ಲಿ ಸ್ಕ್ಯಾನ್ ಆದ ಪಿಡಿಎಫ್ ತಂದು "ಇದನ್ನ ಎ4 ಮಾಡ್ಕೊಡಿ ಸರ್" ಅನ್ನೋರು ದಿನಾ ಬರ್ತಾರೆ. ಮೊನ್ನೆ ಬಂದ ಒಂದು ಫೈಲ್ ಇಟ್ಕೊಂಡೇ ಹೇಳ್ತೀನಿ, ಅದರಲ್ಲಿ ಒಂದು ಕ್ರಯಪತ್ರ, ಅದಕ್ಕೆ ಸೇರಿದ ಹಳೇ ಪತ್ರಗಳು, ಕೊನೇಲಿ ಒಂದು ಸೈಟ್ ನಕ್ಷೆ, ಎಲ್ಲ ಸೇರಿ 38 ಪುಟ.

ಮೊದ್ಲು ನಾನು ಮಾಡೋದು ಯಾವ ಪುಟ ಯಾವ ಸೈಜಲ್ಲಿದೆ ಅಂತ ನೋಡೋದು. ಕಣ್ಣಲ್ಲಿ ನೋಡಿದ್ರೆ ಗೊತ್ತಾಗಲ್ಲ, ಸ್ಕ್ರೀನ್ ಮೇಲೆ ಎಲ್ಲಾನೂ ಒಂದೇ ಥರ ಕಾಣ್ತವೆ. ಪಾಪ್ಲರ್ ಅನ್ನೋ ಫ್ರೀ ಸಾಫ್ಟ್‌ವೇರ್ ಜೊತೆ ಬರೋ ಈ ಕಮಾಂಡು ಪುಟಪುಟದ ಅಳತೆ ಹೇಳುತ್ತೆ:

```
pdfinfo -f 1 -l 38 patra.pdf
```

ಅಳತೆ ಬರೋದು ಪಾಯಿಂಟಲ್ಲಿ, ಒಂದು ಇಂಚಿಗೆ 72 ಪಾಯಿಂಟು. ಲೀಗಲ್ ಅಂದ್ರೆ 612 x 1008, ಎ4 ಅಂದ್ರೆ ಹೆಚ್ಚುಕಮ್ಮಿ 595 x 842. ಈ ಫೈಲಲ್ಲಿ ಜಾಸ್ತಿ ಪುಟ 612 x 1008 ಇತ್ತು, ಒಂದಷ್ಟು ಎ4 ಇತ್ತು, ಮೊಬೈಲಲ್ಲಿ ಸ್ಕ್ಯಾನ್ ಮಾಡಿದ್ದ ಎರಡು ಪುಟ ಮಾತ್ರ 2480 x 3508 ಅಂತ ತೋರಿಸ್ತಿತ್ತು, ಅಂದ್ರೆ ಮೂವತ್ನಾಲ್ಕು ಇಂಚು ಅಗಲದ ಕಾಗದ ಅಂತ ಅರ್ಥ! ಆ ಆ್ಯಪು ಒಂದು ಪಿಕ್ಸೆಲ್‌ಗೆ ಒಂದು ಪಾಯಿಂಟ್ ಅಂತ ಲೆಕ್ಕ ಹಾಕಿಬಿಟ್ಟಿದೆ ಅಷ್ಟೇ, ಪುಟ ಚೆನ್ನಾಗೇ ಇದೆ, ಅದಕ್ಕೆ ಬೇರೆ ಏನೂ ಮಾಡೋದು ಬೇಕಿಲ್ಲ.

ಈಗ ಲೆಕ್ಕ ನೋಡಿ. ಲೀಗಲ್‌ಗೂ ಎ4ಗೂ ಎತ್ತರದಲ್ಲಿ 166 ಪಾಯಿಂಟ್ ವ್ಯತ್ಯಾಸ, ಸುಮಾರು 58 ಮಿಲಿಮೀಟರು. ತುಂಬಾ ಜನ ಪಿಡಿಎಫ್ ಎಡಿಟರಲ್ಲಿ ಪೇಜ್ ಸೈಜ್ ಎ4 ಅಂತ ಬದಲಾಯಿಸ್ತಾರೆ ಇಲ್ಲ ಕ್ರಾಪ್ ಟೂಲಲ್ಲಿ ಎ4 ಆರಿಸ್ತಾರೆ, ಅದು ಪುಟದ ಚೌಕಟ್ಟನ್ನ ಮಾತ್ರ ಚಿಕ್ಕದು ಮಾಡುತ್ತೆ, ಒಳಗಿನ ಅಕ್ಷರ ಇದ್ದ ಸೈಜಲ್ಲೇ ಇರುತ್ತೆ, ಹಾಗಾಗಿ ಆ 58 ಮಿಲಿಮೀಟರು ಚೌಕಟ್ಟಿನಿಂದ ಆಚೆ ಹೋಗುತ್ತೆ. ಕ್ರಯಪತ್ರದಲ್ಲಿ ಅಷ್ಟು ಜಾಗದಲ್ಲಿ ಏನಿರುತ್ತೆ ಹೇಳಿ, ಕೆಳಗಡೆ ಆದ್ರೆ ಸಹಿ, ಹೆಬ್ಬೆಟ್ಟು, ಪುಟಸಂಖ್ಯೆ, ಮೇಲ್ಗಡೆ ಆದ್ರೆ ಸಬ್ ರಿಜಿಸ್ಟ್ರಾರ್ ಸೀಲು, ದಸ್ತಾವೇಜು ನಂಬರು. ಇವು ಹೋದ್ರೆ ಆ ಪುಟಕ್ಕೆ ಬೆಲೆನೇ ಇಲ್ಲ.

ನಮಗೆ ಬೇಕಿರೋದು ಚೌಕಟ್ಟಿನ ಜೊತೆ ಒಳಗಿರೋದೂ ಒಂದೇ ಪ್ರಮಾಣದಲ್ಲಿ ಕುಗ್ಗೋದು. ಅಗಲದ ಪ್ರಮಾಣ 595 ಭಾಗಿಸು 612, ಅಂದ್ರೆ 0.97. ಎತ್ತರದ್ದು 842 ಭಾಗಿಸು 1008, ಅಂದ್ರೆ 0.835. ಇವೆರಡರಲ್ಲಿ ಚಿಕ್ಕದನ್ನೇ ಎರಡೂ ಕಡೆಗೆ ಹಾಕ್ಬೇಕು, ಇಲ್ಲಾಂದ್ರೆ ಒಂದೋ ಕಟ್ ಆಗುತ್ತೆ, ಇಲ್ಲ ಅಕ್ಷರ ಕುಳ್ಳಾಗಿ ಅಗಲಕ್ಕೆ ಎಳೆದಂಗೆ ಕಾಣುತ್ತೆ. 0.835 ಹಾಕಿದ್ರೆ ಎತ್ತರ ಸರಿಯಾಗಿ ತುಂಬುತ್ತೆ, ಎಡಕ್ಕೆ ಬಲಕ್ಕೆ ತಲಾ ಒಂದೂವರೆ ಸೆಂಟಿಮೀಟರ್ ಬಿಳಿ ಜಾಗ ಉಳಿಯುತ್ತೆ. ಕೆಲವರು "ಇದೇನು ಸೈಡಲ್ಲಿ ಖಾಲಿ ಬಿಟ್ಟಿದೀರಾ" ಅಂತಾರೆ, ಆ ಖಾಲಿ ಇದ್ರೇನೇ ಕೆಲಸ ಸರಿಯಾಗಿದೆ ಅಂತ ಗುರುತು.

ನಾನು ಇದಕ್ಕೆ ಬಳಸೋದು ಗೋಸ್ಟ್‌ಸ್ಕ್ರಿಪ್ಟ್, ಇದೂ ಫ್ರೀನೇ. ಕಮಾಂಡ್ ಇದು, ವಿಂಡೋಸ್ ಆದ್ರೆ `gs` ಬದಲು `gswin64c` ಅಂತ ಹಾಕಿ:

```
gs -o patra-a4.pdf -sDEVICE=pdfwrite \
 -sPAPERSIZE=a4 -dFIXEDMEDIA -dPDFFitPage \
 -dAutoRotatePages=/None patra.pdf
```

(ವಿಂಡೋಸಲ್ಲಿ ಆ `\` ತೆಗೆದು ಎಲ್ಲಾ ಒಂದೇ ಸಾಲಲ್ಲಿ ಟೈಪ್ ಮಾಡಿ.) ಇದರಲ್ಲಿ ಜೀವಾಳ ಅಂದ್ರೆ `-dPDFFitPage`. `-dFIXEDMEDIA` ಕಾಗದ ಎ4ನೇ ಇರ್ಲಿ ಅಂತ ಹಿಡ್ಕೊಳುತ್ತೆ, ಫಿಟ್‌ಪೇಜ್ ಒಳಗಿರೋದನ್ನ ಅದಕ್ಕೆ ಹೊಂದಿಸುತ್ತೆ. ಫಿಟ್‌ಪೇಜ್ ಬಿಟ್ಟು ಬರೀ ಮೊದಲನೇದು ಹಾಕಿದ್ರೆ ಎರರ್ ಏನೂ ಬರಲ್ಲ, ಫೈಲೂ ಬರುತ್ತೆ, ಆದ್ರೆ ಪುಟದ ಮೇಲ್ಭಾಗ ಹಾರಿಹೋಗಿರುತ್ತೆ ಯಾಕಂದ್ರೆ ಪಿಡಿಎಫ್‌ನಲ್ಲಿ ಅಳತೆ ಶುರುವಾಗೋದೇ ಎಡಗಡೆ ಕೆಳಗಿನ ಮೂಲೆಯಿಂದ. ಇನ್ನು ಕೊನೇ ಆಪ್ಷನ್ ಯಾಕೆ ಅಂದ್ರೆ, ಗೋಸ್ಟ್‌ಸ್ಕ್ರಿಪ್ಟ್ ಪುಟದಲ್ಲಿರೋ ಟೆಕ್ಸ್ಟ್ ಯಾವ ದಿಕ್ಕಿಗಿದೆ ನೋಡಿ ತಾನೇ ಪುಟ ತಿರುಗಿಸುತ್ತೆ, ಓಸಿಆರ್ ಆಗಿರೋ ಸ್ಕ್ಯಾನಲ್ಲಿ ಸೀಲು, ಅಡ್ಡ ಬರಹ ಎಲ್ಲ ತಪ್ಪಾಗಿ ಓದಿರುತ್ತಲ್ಲ, ಅದನ್ನ ನಂಬಿ ನೆಟ್ಟಗಿರೋ ಪುಟ ಅಡ್ಡ ಆಗ್ಬಹುದು.

ನೆಟ್ಟಲ್ಲಿ ಸಿಗೋ ಕಮಾಂಡುಗಳಲ್ಲಿ `-dPDFSETTINGS=/screen` ಅಂತ ಸೇರಿಸಿರ್ತಾರೆ, ದಯವಿಟ್ಟು ಅದನ್ನ ತೆಗೆದುಬಿಡಿ. ಅದು ಫೈಲ್ ಸೈಜ್ ಇಳಿಸೋಕೆ ಇರೋದು, ಚಿತ್ರನ 72 ಡಿಪಿಐಗೆ ಇಳಿಸುತ್ತೆ, ಹಳೇ ಕೈಬರಹದ ಪತ್ರದಲ್ಲಿ ಒತ್ತಕ್ಷರ ಎಲ್ಲ ಮಸಿ ಮೆತ್ತಿದಂಗೆ ಆಗುತ್ತೆ. ಬರೀ ಅಳತೆ ಕುಗ್ಗಿಸಿದ್ರೆ ಸ್ಕ್ಯಾನಿನ ಪಿಕ್ಸೆಲ್ ಅಷ್ಟೇ ಇರ್ತವೆ, ಸ್ವಲ್ಪ ಒತ್ತೊತ್ತಾಗಿ ಕೂರ್ತವೆ ಅಷ್ಟೇ, ಝೂಮ್ ಮಾಡಿದ್ರೆ ಮೊದಲಿನ ಥರಾನೇ ಕಾಣುತ್ತೆ. ಕಾಗದದ ಮೇಲೆ ಮಾತ್ರ 14 ಪಾಯಿಂಟ್ ಅಕ್ಷರ ಹತ್ರಹತ್ರ ಹನ್ನೆರಡಕ್ಕೆ ಇಳಿಯುತ್ತೆ. ಅದಕ್ಕೇ ಅಕ್ಷರ ಇಷ್ಟೇ ಸೈಜ್ ಇರ್ಬೇಕು ಅಂತ ನಿಯಮ ಇರೋ ಅರ್ಜಿನ ನಾನು ಹೀಗೆ ಕುಗ್ಗಿಸಲ್ಲ, ವರ್ಡ್ ಫೈಲ್ ತರಿಸ್ಕೊಂಡು ಎ4ನಲ್ಲಿ ಮತ್ತೆ ಸೆಟ್ ಮಾಡ್ತೀನಿ.

ಆಮೇಲೆ ಇನ್ನೊಂದು, ಸ್ಕ್ಯಾನಿನ ಅಂಚಿಗೇ ಬರಹ ಇದ್ರೆ ಪಿಡಿಎಫ್ ಸರಿಯಾಗಿದ್ರೂ ಪ್ರಿಂಟರಲ್ಲಿ ಕಟ್ ಆಗುತ್ತೆ, ಯಾಕಂದ್ರೆ ಸಾಮಾನ್ಯ ಪ್ರಿಂಟರು ಸುತ್ತ ನಾಲ್ಕೈದು ಮಿಲಿಮೀಟರ್ ಜಾಗದಲ್ಲಿ ಪ್ರಿಂಟ್ ಮಾಡಲ್ಲ. ಅಂಥ ಫೈಲಿಗೆ ಪಿಡಿಎಫ್‌ಜ್ಯಾಮ್ ಒಳ್ಳೇದು (ಲೇಟೆಕ್ ಇನ್‌ಸ್ಟಾಲ್ ಆಗಿರ್ಬೇಕು). ಪುಟನ ಎ4ಗೆ ಹೊಂದಿಸಿದ ಮೇಲೆ ಇನ್ನೂ ನೂರಕ್ಕೆ ಐದರಷ್ಟು ಒಳಗೆ ಎಳೆಯುತ್ತೆ:

```
pdfjam --paper a4paper --scale 0.95 \
 --outfile patra-a4.pdf patra.pdf
```

ಆದ್ಮೇಲೆ ಹೊಸ ಫೈಲಿಗೆ ಮತ್ತೆ `pdfinfo` ಓಡಿಸ್ತೀನಿ, ಎಲ್ಲಾ ಪುಟನೂ 595 x 842 ಬಂದಿರ್ಬೇಕು. ಆದ್ರೆ ಅಳತೆ ಸರಿ ಬಂತು ಅಂದ್ರೆ ಏನೂ ಕಟ್ ಆಗಿಲ್ಲ ಅಂತಲ್ಲ, ಕ್ರಾಪ್ ಮಾಡಿದ್ರೂ ಅಷ್ಟೇ ಅಳತೆ ಬರುತ್ತೆ. ಹಾಗಾಗಿ ಹಳೇದು ಹೊಸದು ಎರಡನ್ನೂ ಅಕ್ಕಪಕ್ಕ ತೆರೆದು ಪ್ರತಿ ಪುಟದ ನಾಲ್ಕೂ ಮೂಲೆ, ಮೊದಲನೇ ಸಾಲು, ಕೊನೇ ಸಾಲು ನೋಡ್ತೀನಿ, ಇದಕ್ಕೆ ಬೇರೆ ದಾರಿ ಇಲ್ಲ.

ಎರಡು ಥರದ ಪುಟನ ಮಾತ್ರ ನಾನು ಇದರಲ್ಲಿ ಸೇರಿಸೋದೇ ಇಲ್ಲ. ಒಂದು, ಡಿಜಿಟಲ್ ಸಹಿ ಇರೋ ಪಿಡಿಎಫ್. ಫೈಲ್ ಹೊಸದಾಗಿ ಬರೆದ ತಕ್ಷಣ ಆ ಸಹಿ ಊರ್ಜಿತ ಇರಲ್ಲ, ಸಹಿಯ ಚಿತ್ರ ಕಾಣಿಸ್ತಾ ಇದ್ರೂ ಅದನ್ನ ಪರಿಶೀಲಿಸೋಕೆ ಆಗಲ್ಲ, ಹಾಗಾಗಿ ಮೂಲ ಫೈಲನ್ನೇ ಬೇರೆಯಾಗಿ ಕೊಡ್ತೀನಿ. ಇನ್ನೊಂದು ನಕ್ಷೆ. ಈ ಫೈಲಿನ ಕೊನೇ ಪುಟದಲ್ಲಿದ್ದ ಸೈಟ್ ನಕ್ಷೆ ಲೀಗಲ್ ಶೀಟಲ್ಲಿ 1:500 ಸ್ಕೇಲಿಗೆ ಬರೆದಿದ್ದು, ಅಂದ್ರೆ ಕಾಗದದ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲೆ ಐದು ಮೀಟರು. 0.835ಕ್ಕೆ ಕುಗ್ಗಿಸಿದ್ರೆ ಅದೇ ಒಂದು ಸೆಂಟಿಮೀಟರು ಹತ್ರಹತ್ರ ಆರು ಮೀಟರ್ ಆಗುತ್ತೆ, ಆದ್ರೆ ಮೂಲೇಲಿ 1:500 ಅಂತಾನೇ ಬರೆದಿರುತ್ತೆ, ಯಾರಾದ್ರೂ ಪಟ್ಟಿ ಇಟ್ಟು ಅಳೆದ್ರೆ ಹದಿನೈದು ಮೀಟರ್ ಸೈಟು ಹನ್ನೆರಡೂವರೆ ಮೀಟರ್ ಅಂತ ಬರುತ್ತೆ. ಆ ಒಂದು ಪುಟನ ಬೇರೆ ತೆಗೆದು ಲೀಗಲ್‌ನಲ್ಲೇ ಇಟ್ಟೆ, ಪಾರ್ಟಿಗೂ ಹೇಳಿದೆ. ಇಲ್ಲ ಅದೂ ಎ4ನಲ್ಲೇ ಬೇಕು ಅಂತ ಹಟ ಹಿಡಿದ್ರೆ ನಕ್ಷೆ ಕೆಳಗೆ "ಅಳತೆಗೆ ಅಲ್ಲ, ಕುಗ್ಗಿಸಿದ ಪ್ರತಿ" ಅಂತ ಟೈಪ್ ಮಾಡೇ ಕೊಡ್ತೀನಿ.