‘ಹತ್ತು ಪ್ಲೇಟ್ ಖಾರಾಬಾತ್ ಮಾಡಿ ತೋರಿಸಿ’: ಹೋಟೆಲ್ ಅಡುಗೆ ಕೆಲಸದ ಟ್ರಯಲ್‌ಗೆ ತಯಾರಿ

ದರ್ಶಿನಿಯಲ್ಲಿ ಅಡುಗೆ ಕೆಲಸ ಕೇಳಿಕೊಂಡು ಹೋದವರಿಗೆ ಮೊದಲು ಒಲೆ ತೋರಿಸುತ್ತಾರೆ. ಹತ್ತು ಪ್ಲೇಟ್ ಖಾರಾಬಾತ್ ಮಾಡಿ ಅಂದರು ಎಂದುಕೊಳ್ಳಿ.

ಬಾಣಲೆ ಇಡುವ ಮೊದಲು ಎರಡು ಮಾತು ಕೇಳಿ. ಈರುಳ್ಳಿ ಬಳಸುತ್ತೀರಾ? ಪ್ಲೇಟಿಗೆ ಎಷ್ಟು ಹಾಕುತ್ತೀರಿ? ಕೆಲವು ಅಡುಗೆಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಒಳಗೇ ಬರುವುದಿಲ್ಲ. ಆಮೇಲೆ ಉಂಗುರ, ವಾಚು ತೆಗೆದಿಟ್ಟು ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ಅವರು ನೋಡುತ್ತಿರುತ್ತಾರೆ.

ಹತ್ತು ಸಾಧಾರಣ ಪ್ಲೇಟಿಗೆ ಅರ್ಧ ಕೆಜಿ ಮಧ್ಯಮ ರವೆ ಸಾಕು. ಅದನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಘಮ ಬರಬೇಕು, ಕೆಂಪಾಗಬಾರದು. ರವೆ ಅಳೆದ ಪಾತ್ರೆಯಲ್ಲೇ ಮೂರರಷ್ಟು ನೀರು ಅಳೆಯಿರಿ. ಒಗ್ಗರಣೆಗೆ ತರಕಾರಿ ಹಾಕಿ, ಬೀನ್ಸ್ ಮೆತ್ತಗಾದ ಮೇಲೆಯೇ ಟೊಮೆಟೊ, ಖಾರದ ಪುಡಿ, ನೀರು ಹಾಕಿ. ರವೆ ಕೆಲವೇ ನಿಮಿಷದಲ್ಲಿ ಬೆಂದುಬಿಡುತ್ತದೆ. ಅಷ್ಟರಲ್ಲಿ ಹಸಿ ಬೀನ್ಸ್ ಬೇಯುವುದಿಲ್ಲ.

ಉಪ್ಪು ನೋಡುವ ಹೊತ್ತು ಇದೇ, ರವೆ ಬೀಳುವ ಮೊದಲು. ನೀರು ಒಂದು ಚೂರು ಉಪ್ಪುಪ್ಪು ಅನಿಸಬೇಕು. ಸೌಟಿನಿಂದ ಬೇರೆ ಚಮಚಕ್ಕೆ ಹಾಕಿಕೊಂಡು ರುಚಿ ನೋಡಿ. ಬಾಯಿಗಿಟ್ಟ ಚಮಚ ಮತ್ತೆ ಬಾಣಲೆಗೆ ಹೋಗಲೇಬಾರದು. ಮನೆಯಲ್ಲಿ ಅಭ್ಯಾಸವಾದವರು ಜಾಸ್ತಿ ಎಡವುವುದು ಇಲ್ಲೇ. ನೀರು ಕೊತಕೊತ ಕುದಿಯುವಾಗ ಉರಿ ತಗ್ಗಿಸಿ, ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ನೀರು ಕುದಿಯದಿದ್ದರೂ, ರವೆ ಒಮ್ಮೆಲೇ ಸುರಿದರೂ ಗಂಟಾಗುತ್ತದೆ.

ಕೈ ಕೆಲಸದಲ್ಲಿರುವಾಗಲೇ ಪ್ರಶ್ನೆ ಬರಬಹುದು: ‘ಒಂದು ಪಾತ್ರೆ ಸಾಂಬಾರ್ ಉಳಿದಿದೆ, ಏನು ಮಾಡುತ್ತೀರಿ?’ ಫ್ರಿಜ್‌ನಲ್ಲಿ ಇಡುತ್ತೇನೆ ಅಂದರೆ ಸಾಲದು. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಹಾಗಾಗಿ ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ಹಂಚಿ, ಬೇಗ ಆರಿಸಿ, ಮುಚ್ಚಿ, ತಾರೀಕು ಬರೆದು ಫ್ರಿಜ್‌ಗೆ ಇಡುತ್ತೇನೆ ಅನ್ನಿ. ಬೆಳಗಿನಿಂದ ಸುಮ್ನೆ ಹೊರಗೇ ಇದ್ದ ಸಾಂಬಾರ್ ಆದರೆ ಚೆಲ್ಲಬೇಕು. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಭೇದಿ ಆಗುತ್ತಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಬಹುದು. ಮಾಲೀಕರಿಗೆ ತಿಳಿಸಿ ಅಡುಗೆಮನೆಯಿಂದ ದೂರ ಇರುತ್ತೇನೆ ಅನ್ನುವುದೇ ಸರಿಯಾದ ಉತ್ತರ.

ಇನ್ನು ಜೊತೆಗಾರರು. ಬಿಸಿ ಪಾತ್ರೆ ಎತ್ತಿಕೊಂಡು ಯಾರ ಹಿಂದಾದರೂ ಹೋಗುವಾಗ ‘ಬಿಸಿ, ಬಿಸಿ’ ಅಂತ ಗಟ್ಟಿಯಾಗಿ ಹೇಳಿ. ಸಾಂಬಾರ್ ಮಾಡುವವರಿಗೆ ನಿಮ್ಮ ಒಲೆ ಬೇಕಿದ್ದರೆ ‘ಐದು ನಿಮಿಷ ಕೊಡಿ ಅಣ್ಣ’ ಅನ್ನಿ, ಐದೇ ನಿಮಿಷದಲ್ಲಿ ಬಿಟ್ಟುಕೊಡಿ. ಖಾರಾಬಾತ್ ಇಳಿಸಿದ ಮೇಲೆ ಪ್ಲೇಟ್ ಹಾಕುವವರನ್ನು ಕರೆದು, ನಿಮ್ಮ ಮಣೆ, ಚಾಕು, ಕಟ್ಟೆ ತೊಳೆದಿಟ್ಟು ಬನ್ನಿ.